ಆಫರ್ ಒಪ್ಪುವ ಇಮೇಲ್: ಫೋನಿನಲ್ಲಿ ಮಾತಾಡಿದ ಸಂಬಳವನ್ನು ಬರಹಕ್ಕೆ ಇಳಿಸುವ ಕ್ರಮ

"ಅಣ್ಣಾ, ಇಪ್ಪತ್ತು ಲಕ್ಷ ಅಂತ ಫೋನಲ್ಲಿ ಹೇಳಿದ್ರು. ಲೆಟರ್‌ನಲ್ಲೂ ಇಪ್ಪತ್ತೇ ಇದೆ. ಆದ್ರೂ ಏನೋ ಕಡಿಮೆ ಅನಿಸ್ತಿದೆ, ನೋಡ್ತೀರಾ?"

ಬೆಂಗಳೂರಿನ ಐಟಿ ಕಂಪನಿಗಳಿಗೆ ಜನರನ್ನು ಆರಿಸುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ಅದಕ್ಕೇ ಪರಿಚಯದವರು ಹೀಗೆ ಲೆಟರ್ ಕಳಿಸಿ ಕೇಳುತ್ತಾರೆ. ಈ ಬಾರಿ ಕೇಳಿದವಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರಲಿರುವ ಟೆಸ್ಟಿಂಗ್ ಎಂಜಿನಿಯರ್. ಆರು ವರ್ಷದ ಅನುಭವ ಇದೆ. ಮೊದಲು 18 ಲಕ್ಷಕ್ಕೆ ಆಫರ್ ಬಂದಿತ್ತು. ಎರಡು ಸಲ ಫೋನಿನಲ್ಲಿ ಮಾತಾಡಿ 20ಕ್ಕೆ ಏರಿಸಿಕೊಂಡಿದ್ದಳು.

ಲೆಟರ್ ತೆಗೆದು ನೋಡಿದರೆ ಲೆಕ್ಕ ಹೀಗಿತ್ತು: ವರ್ಷದ ಫಿಕ್ಸೆಡ್ 17 ಲಕ್ಷ, ಗುರಿ ಮುಟ್ಟಿದರೆ ಸಿಗುವ ವೇರಿಯಬಲ್ ಒಂದೂವರೆ ಲಕ್ಷ, ಜಾಯ್ನಿಂಗ್ ಬೋನಸ್ ಒಂದೂವರೆ ಲಕ್ಷ. ಕೂಡಿದರೆ 20 ಆಗುತ್ತದೆ, ಸುಳ್ಳಲ್ಲ. ಆದರೆ ಜಾಯ್ನಿಂಗ್ ಬೋನಸ್ ಒಂದೇ ಸಲ ಬರುವ ದುಡ್ಡು. ಎರಡನೇ ವರ್ಷಕ್ಕೆ ಅವಳ ಸಂಬಳ 18.5 ಲಕ್ಷ. ಫೋನಿನಲ್ಲಿ ಮಾತಾಡುವಾಗ ಅವಳು ಬೋನಸ್ ಬೇರೆ ಅಂತಲೇ ಕೇಳಿದ್ದಳು. ಲೆಟರ್ ತಯಾರಿಸಿದವರು ಒಳಗೇ ಸೇರಿಸಿದ್ದರು. ಬರಹದಲ್ಲಿ ಯಾರೂ ಏನನ್ನೂ ಹಾಕಿರಲಿಲ್ಲ.

ಇದು ಮೋಸ ಆಗಿರಬೇಕಿಲ್ಲ. ಬಹಳ ಸಲ ನಿಮ್ಮ ಜೊತೆ ಮಾತಾಡುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು, ಲೆಟರ್ ತಯಾರಿಸುವವರು ಮತ್ತೊಬ್ಬರು. ನಡುವೆ ಹೋಗುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಒಳಗೆ ಏನೇನಿದೆ ಅನ್ನುವುದನ್ನು ನೀವೇ ಬರೆದು ಕಳಿಸಬೇಕು. ಅವಳ ಲೆಟರ್ ಸರಿ ಮಾಡಿಸಲು ಏನು ಮಾಡಿದೆವೋ ಅದನ್ನೇ ಕ್ರಮವಾಗಿ ಹೇಳುತ್ತೇನೆ.

## ಹಂತ 1: ಮೊದಲು ಯಾವ ಬಟನ್ನನ್ನೂ ಒತ್ತಬೇಡಿ

ಎಷ್ಟೋ ಕಂಪನಿಗಳು ಆಫರ್ ಲೆಟರನ್ನು ಒಂದು ಪೋರ್ಟಲ್‌ನಲ್ಲಿ ಹಾಕುತ್ತವೆ. ಕೆಳಗೆ ಒಪ್ಪಿಗೆಯ ಬಟನ್ ಇರುತ್ತದೆ. ಖುಷಿಯಲ್ಲಿ ಅದನ್ನು ಒತ್ತಿ, ಆಮೇಲೆ "ಒಂದು ಡೌಟ್ ಇತ್ತು" ಅಂತ ಇಮೇಲ್ ಬರೆಯುವವರೇ ಜಾಸ್ತಿ. ಅಷ್ಟೊತ್ತಿಗೆ ಲೆಟರ್‌ನಲ್ಲಿ ಏನಿದೆಯೋ ಅದನ್ನು ನೀವು ಒಪ್ಪಿ ಆಗಿರುತ್ತದೆ.

ಲೆಟರ್‌ನ ಕೊನೆಯ ಪುಟಗಳಲ್ಲಿ ಒಂದು ಸಾಲು ಇದೆಯೇ ಅಂತ ಹುಡುಕಿ: ಈ ಪತ್ರವೇ ಅಂತಿಮ, ಇದಕ್ಕೆ ಮುಂಚಿನ ಎಲ್ಲ ಮಾತುಕತೆಗಳೂ ಪತ್ರಗಳೂ ಇದರಿಂದ ರದ್ದು ಎಂಬ ಅರ್ಥದ್ದು. ಅದು ಇದ್ದರೆ ಫೋನಿನಲ್ಲಿ ಹೇಳಿದ್ದು, ವಾಟ್ಸಾಪ್‌ನಲ್ಲಿ ಬಂದಿದ್ದು ಯಾವುದನ್ನೂ ನಂಬಿಕೊಂಡು ಕೂರುವಂತಿಲ್ಲ. ನೀವು ಬರೆಯುವ ಇಮೇಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಈ ಇಮೇಲ್‌ನ ಗುರಿ "ಬರೆದು ಇಟ್ಟಿದ್ದೇನೆ" ಅಂತ ತೋರಿಸುವುದಲ್ಲ. ತಿದ್ದಿದ ಲೆಟರ್ ತರಿಸಿಕೊಳ್ಳುವುದು. ಕ್ರಮ ಹೀಗಿರಲಿ: ಇಮೇಲ್, ಅದಕ್ಕೆ ಉತ್ತರ, ತಿದ್ದಿದ ಲೆಟರ್, ಸಹಿ, ಆಮೇಲೆ ಹಳೆ ಕೆಲಸಕ್ಕೆ ರಾಜೀನಾಮೆ. ಇದರಲ್ಲಿ ಯಾವುದೂ ಹಿಂದೆ ಮುಂದೆ ಆಗಬಾರದು.

ಬೇಕಾದ ಸಾಮಾನು ಕಡಿಮೆ. ಈಗ ಬಂದಿರುವ ಆಫರ್ ಲೆಟರ್, ಅದರ ಜೊತೆ ಬಂದ ಸಂಬಳದ ಪಟ್ಟಿ, ಒಂದು ಎಕ್ಸೆಲ್ ಶೀಟ್ ಅಥವಾ ಕ್ಯಾಲ್ಕುಲೇಟರ್, ನಿಮ್ಮ ಸ್ವಂತ ಇಮೇಲ್ ಐಡಿ. ಈಗಿನ ಆಫೀಸಿನ ಐಡಿಯಿಂದ ಬರೆಯಲೇಬೇಡಿ. ಅದು ಕಂಪನಿಯದು, ನೀವು ಬಿಟ್ಟ ದಿನ ಮುಚ್ಚಿಹೋಗುತ್ತದೆ.

ಇದರ ಜೊತೆ ಫೋನ್ ಮಾತಿನ ಟಿಪ್ಪಣಿಯೂ ಬೇಕು. ಫೋನ್ ಇಟ್ಟ ಕೂಡಲೇ ಬರೆದುಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ಹೇಳಿದರು. ಎರಡು ದಿನ ಬಿಟ್ಟು ನೆನಪು ಮಾಡಿಕೊಂಡರೆ ನಮಗೆ ಬೇಕಾದ ಹಾಗೆ ನೆನಪಾಗುತ್ತದೆ.

## ಹಂತ 2: ದೊಡ್ಡ ಸಂಖ್ಯೆಯನ್ನು ಒಡೆಯಿರಿ

ಇಮೇಲ್‌ನಲ್ಲಿ "20 ಲಕ್ಷ ಸಿಟಿಸಿಗೆ ಒಪ್ಪಿದ್ದೇನೆ" ಅಂತ ಬರೆಯುವುದು ಈ ಕೆಲಸದ ಅತಿ ದೊಡ್ಡ ತಪ್ಪು. ಸಿಟಿಸಿ ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವುದು ಅದರ ಒಂದು ಭಾಗ.

ನಮ್ಮ ಹುಡುಗಿ ಎರಡನೇ ಫೋನಿನಲ್ಲಿ ಕೇಳಿದ್ದು, ಅವರು "ಆಯ್ತು" ಅಂದಿದ್ದು ಇಷ್ಟು: ಫಿಕ್ಸೆಡ್ 18 ಲಕ್ಷ, ವೇರಿಯಬಲ್ 2 ಲಕ್ಷ, ಎರಡೂ ಸೇರಿ 20. ಜಾಯ್ನಿಂಗ್ ಬೋನಸ್ ಒಂದೂವರೆ ಲಕ್ಷ ಇದರ ಹೊರಗೆ. ನೋಟಿಸ್‌ನ 30 ದಿನದ ಬೈಔಟ್, ಅಂದರೆ ಕೆಲಸ ಮಾಡದ ನೋಟಿಸ್ ದಿನಗಳಿಗೆ ಹಳೆ ಕಂಪನಿಗೆ ಕಟ್ಟುವ ದುಡ್ಡು, ಸಾಮಾನು ಸಾಗಿಸಲು 50,000, ಇವೂ ಹೊರಗೆ.

ಈಗ ಆ 18 ಲಕ್ಷದ ಒಳಗೆ ಹೋಗೋಣ. ಬೇಸಿಕ್ ಅರ್ಧ ಅಂತ ಇಟ್ಟರೆ ವರ್ಷಕ್ಕೆ 9 ಲಕ್ಷ, ತಿಂಗಳಿಗೆ 75,000. ಈ ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರ್ಯಾಚುಟಿ ಎರಡೂ ಫಿಕ್ಸೆಡ್‌ನ ಒಳಗೇ ಇವೆ. ಪಿಎಫ್ ಬೇಸಿಕ್‌ನ 12% ಆದರೆ ಕಂಪನಿಯ ಪಾಲು ವರ್ಷಕ್ಕೆ 1,08,000. ಗ್ರ್ಯಾಚುಟಿಯನ್ನು ಸಾಮಾನ್ಯವಾಗಿ ಬೇಸಿಕ್‌ನ 4.81% ಅಂತ ಹಿಡಿಯುತ್ತಾರೆ, ಅದು 43,290. ಇವೆರಡನ್ನು ಕಳೆದರೆ ತಿಂಗಳ ಸಂಬಳವಾಗಿ ಹಂಚುವುದಕ್ಕೆ ಉಳಿಯುವುದು 16,48,710. ಅಂದರೆ ತಿಂಗಳಿಗೆ ಸುಮಾರು 1,37,392. ಅದರಿಂದ ಅವಳ ಪಾಲಿನ ಪಿಎಫ್ 9,000, ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತವೆ. ಆದಾಯ ತೆರಿಗೆಗೆ ಮುಂಚೆ ಉಳಿಯುವುದು 1,28,192.

18 ಲಕ್ಷವನ್ನು 12ರಿಂದ ಭಾಗಿಸಿ "ತಿಂಗಳಿಗೆ ಒಂದೂವರೆ ಲಕ್ಷ" ಅಂತ ಅವಳು ಮನೆಯಲ್ಲಿ ಹೇಳಿ ಆಗಿತ್ತು.

ಪಿಎಫ್ ವಿಷಯದಲ್ಲಿ ಇನ್ನೊಂದು ಕವಲು ಇದೆ. ಕೆಲವು ಕಂಪನಿಗಳು ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟದೆ, 15,000 ರೂಪಾಯಿಯ ಮಿತಿಗೆ 12% ಹಿಡಿದು ತಿಂಗಳಿಗೆ 1,800 ಮಾತ್ರ ಕಟ್ಟುತ್ತವೆ. ಹಾಗೆ ಮಾಡಿದರೆ ಇದೇ 18 ಲಕ್ಷದಲ್ಲಿ ಅವಳ ಕೈಗೆ 1,42,592 ಬರುತ್ತದೆ. ಅಂದರೆ ತಿಂಗಳಿಗೆ 14,400 ಜಾಸ್ತಿ. ದುಡ್ಡು ಎಲ್ಲೂ ಹೋಗಿಲ್ಲ, ಮೊದಲ ಲೆಕ್ಕದಲ್ಲಿ ಅದು ಪಿಎಫ್ ಖಾತೆಯಲ್ಲಿ ಕೂರುತ್ತದೆ, ಎರಡನೆಯದರಲ್ಲಿ ಕೈಗೆ ಬರುತ್ತದೆ. ಯಾವುದು ಒಳ್ಳೆಯದು ಅನ್ನುವುದು ನಿಮ್ಮ ಮನೆಯ ವಿಷಯ. ಯಾವುದು ಅನ್ನುವುದು ಮಾತ್ರ ಬರಹದಲ್ಲಿ ಇರಬೇಕು.

ಗ್ರ್ಯಾಚುಟಿಯ 43,290ನ್ನು ಹೋಲಿಕೆ ಮಾಡುವಾಗ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಯಂ ನೌಕರರಿಗೆ ಅದು ಐದು ವರ್ಷ ತುಂಬಿದ ಮೇಲಿನ ಮಾತು. ಮೂರು ವರ್ಷಕ್ಕೆ ಕೆಲಸ ಬದಲಿಸುವವರಿಗೆ ಅದು ಕಾಗದದ ಮೇಲಿನ ಸಂಬಳ ಅಷ್ಟೇ.

ಗುಂಪು ಆರೋಗ್ಯ ವಿಮೆಯ ಕಂತು, ಊಟದ ಕೂಪನ್, ಕ್ಯಾಬ್ ಇವುಗಳನ್ನೂ ಸಿಟಿಸಿಯಲ್ಲಿ ಕೂಡಿಸಿದ್ದಾರಾ ನೋಡಿ. ಕೂಡಿಸಿದ್ದರೆ ಅಷ್ಟು ಕಳೆದು ಲೆಕ್ಕ ಹಾಕಿ.

## ಹಂತ 3: ಷರತ್ತು ಅಂಟಿಕೊಂಡ ಮೊತ್ತಗಳನ್ನು ಬೇರೆ ಮಾಡಿ

ತಿಂಗಳ ಸಂಬಳಕ್ಕೆ ಷರತ್ತು ಕಡಿಮೆ. ಜಗಳ ಬರುವುದು ಉಳಿದವುಗಳಲ್ಲಿ. ಪ್ರತಿಯೊಂದಕ್ಕೂ ಮೂರು ಉತ್ತರ ಬೇಕು: ಎಷ್ಟು, ಯಾವಾಗ, ಯಾವ ಸಂದರ್ಭದಲ್ಲಿ ವಾಪಸ್ ಕೊಡಬೇಕು ಅಥವಾ ಬರುವುದೇ ಇಲ್ಲ.

ಜಾಯ್ನಿಂಗ್ ಬೋನಸ್. ಸಾಮಾನ್ಯವಾಗಿ ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಇರುತ್ತದೆ. ಹನ್ನೊಂದು ತಿಂಗಳು ದುಡಿದು ಬಿಟ್ಟರೆ ಪೂರ್ತಿ ವಾಪಸ್ಸೋ, ಉಳಿದ ತಿಂಗಳಿನಷ್ಟೋ? ಇದನ್ನು ಕೇಳಿ. ಇನ್ನೊಂದು ಸೂಕ್ಷ್ಮ ಇದೆ. ಬೋನಸ್ ಸಂಬಳದ ಹಾಗೇ ತೆರಿಗೆಗೆ ಒಳಪಡುತ್ತದೆ. 20% ಸ್ಲ್ಯಾಬ್‌ನಲ್ಲಿರುವವರಿಗೆ ಸೆಸ್ ಸೇರಿ 31,200 ಕಡಿತವಾಗಿ ಒಂದೂವರೆ ಲಕ್ಷದಲ್ಲಿ 1,18,800 ಕೈಗೆ ಬರುತ್ತದೆ. ವಾಪಸ್ ಕೇಳುವಾಗ ಮಾತ್ರ ಒಂದೂವರೆ ಲಕ್ಷವನ್ನೇ ಕೇಳುವ ಕಂಪನಿಗಳಿವೆ. ಕೈಗೆ ಬಂದಷ್ಟೇ ವಾಪಸ್ ಅಂತ ಮಾತಾಗಿದ್ದರೆ ಅದು ಬರಹದಲ್ಲಿರಲಿ. ಜೊತೆಗೆ, ಕಂಪನಿಯೇ ಕೆಲಸದಿಂದ ತೆಗೆದರೆ ಈ ವಾಪಸ್ ಷರತ್ತು ಇಲ್ಲ ಅನ್ನುವುದನ್ನೂ ಕೇಳಿ ಬರೆಸಿಕೊಳ್ಳಿ.

ವೇರಿಯಬಲ್. 2 ಲಕ್ಷ ಅನ್ನುವುದು ಗುರಿ ಮುಟ್ಟಿದರೆ ಸಿಗುವ ಮೊತ್ತ. ತಿಂಗಳಿಗೋ, ಮೂರು ತಿಂಗಳಿಗೋ, ವರ್ಷಕ್ಕೊಮ್ಮೆಯೋ? ಕಂಪನಿಯ ವರ್ಷ ಏಪ್ರಿಲ್‌ನಿಂದಲೋ ಜನವರಿಯಿಂದಲೋ? ನಮ್ಮ ಹುಡುಗಿ ಸೇರುವುದು ಆಗಸ್ಟ್ 20ಕ್ಕೆ. ಏಪ್ರಿಲ್ ವರ್ಷವಾದರೆ ಮಾರ್ಚ್‌ವರೆಗೆ 224 ದಿನ. ಆ ಲೆಕ್ಕದಲ್ಲಿ ಮೊದಲ ವರ್ಷ ಗುರಿಯ ಮೊತ್ತ ಸುಮಾರು 1,22,700 ಮಾತ್ರ. ಇನ್ನೂ ಒಂದು ಪ್ರಶ್ನೆ ಬಾಕಿ: ವರ್ಷದ ನಡುವೆ ಸೇರಿದವರಿಗೆ ಆ ವರ್ಷದ ವೇರಿಯಬಲ್ಲೂ ಏಪ್ರಿಲ್‌ನ ಇನ್‌ಕ್ರಿಮೆಂಟೂ ಇದೆಯಾ? ಇಂಥ ದಿನಾಂಕದ ನಂತರ ಸೇರಿದವರಿಗೆ ಆ ಸಲ ಇಲ್ಲ ಅನ್ನುವ ನಿಯಮ ಎಷ್ಟೋ ಕಡೆ ಇರುತ್ತದೆ.

ನೋಟಿಸ್ ಬೈಔಟ್. ಅವಳ ನೋಟಿಸ್ 90 ದಿನ. 60 ದಿನ ಕೆಲಸ ಮಾಡಿ, 30 ದಿನಕ್ಕೆ ಹಳೆ ಕಂಪನಿಗೆ ದುಡ್ಡು ಕಟ್ಟುವುದು, ಅದನ್ನು ಹೊಸ ಕಂಪನಿ ಕೊಡುವುದು ಅಂತ ಮಾತು. ಇಲ್ಲಿ ಮೊದಲು ನಿಮ್ಮ ಹಳೆ ಅಪಾಯಿಂಟ್‌ಮೆಂಟ್ ಲೆಟರ್ ನೋಡಬೇಕು. ಬೈಔಟ್‌ಗೆ ಅವಕಾಶ ಇದೆಯಾ, ಅದು ನಿಮ್ಮ ಆಯ್ಕೆಯೋ ಅವರ ಒಪ್ಪಿಗೆ ಬೇಕೋ, ಲೆಕ್ಕ ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ? ಹೊಸ ಕಂಪನಿ ಸಾಮಾನ್ಯವಾಗಿ ಹಳೆ ಕಂಪನಿಯ ಅಂತಿಮ ಲೆಕ್ಕದ ಪತ್ರ ನೋಡಿಯೇ ಕೊಡುತ್ತದೆ. ಅಂದರೆ ಮೊದಲು ದುಡ್ಡು ಹೋಗುವುದು ನಿಮ್ಮ ಕೈಯಿಂದ. ವಾಪಸ್ ಬಂದಾಗ ಅದಕ್ಕೂ ತೆರಿಗೆ ಹಿಡಿಯುತ್ತಾರೆ. "ಪೂರ್ತಿ ಕೊಡ್ತೀವಿ" ಅಂದರೆ ತೆರಿಗೆಗೆ ಮುಂಚಿನ ಪೂರ್ತಿಯೋ, ನಂತರದ್ದೋ ಕೇಳಿ.

ಷೇರು ಕೊಡುವ ಕಂಪನಿಯಾದರೆ ಅದು ಬೇರೆಯೇ ಲೋಕ. ಇಲ್ಲಿ ಇಷ್ಟು ಮಾತ್ರ ಹೇಳುತ್ತೇನೆ: ರೂಪಾಯಿ ಅಥವಾ ಡಾಲರ್ ಮೊತ್ತ ಬರೆದರೆ ಸಾಲದು. ಎಷ್ಟು ಷೇರು, ಯಾವ ದಿನದ ಬೆಲೆಯಲ್ಲಿ ಲೆಕ್ಕ, ಎಷ್ಟು ವರ್ಷದಲ್ಲಿ ಹೇಗೆ ಕೈಸೇರುತ್ತದೆ, ಅದರ ಪ್ರತ್ಯೇಕ ಪತ್ರ ಯಾವಾಗ ಬರುತ್ತದೆ ಅನ್ನುವ ನಾಲ್ಕನ್ನೂ ಕೇಳಿ.

## ಹಂತ 4: ಇಮೇಲ್ ಬರೆಯಿರಿ

ಈ ಆಫರ್ ಲೆಟರ್ ಬಂದ ಇಮೇಲ್‌ಗೇ ಉತ್ತರವಾಗಿ ಬರೆಯಿರಿ. ಹೊಸದಾಗಿ ಶುರು ಮಾಡಬೇಡಿ. ಹಿಂದಿನ ಪತ್ರಗಳೆಲ್ಲ ಒಂದೇ ಸರಪಳಿಯಲ್ಲಿ ಇರಬೇಕು. ಎಚ್‌ಆರ್ ಜೊತೆಗೆ, ಮಾತಿನಲ್ಲಿ ಇದ್ದ ಮ್ಯಾನೇಜರ್‌ಗೂ ಒಂದು ಪ್ರತಿ ಹೋಗಲಿ. ನೀವು ಕಳಿಸುವುದು ಇಂಗ್ಲಿಷ್‌ನಲ್ಲೇ ಇರಬಹುದು. ಅರ್ಥ ಗಟ್ಟಿಯಾಗಲಿ ಅಂತ ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಅವಳು ಕಳಿಸಿದ್ದು ಹೆಚ್ಚುಕಡಿಮೆ ಇದೇ:

> ವಿಷಯ: ಆಫರ್‌ಗೆ ಒಪ್ಪಿಗೆ, ಜೂನ್ 12ರಂದು ಒಪ್ಪಿದ ಸಂಬಳದ ವಿವರ, ತಿದ್ದಿದ ಲೆಟರ್‌ಗೆ ಕೋರಿಕೆ
>
> ನಮಸ್ಕಾರ,
>
> ಜೂನ್ 12ರಂದು ಫೋನಿನಲ್ಲಿ ನಾವು ಒಪ್ಪಿದ ಈ ಕೆಳಗಿನ ವಿವರಗಳ ಮೇಲೆ ಸೀನಿಯರ್ ಟೆಸ್ಟ್ ಎಂಜಿನಿಯರ್ ಹುದ್ದೆಯನ್ನು ಸಂತೋಷದಿಂದ ಒಪ್ಪುತ್ತಿದ್ದೇನೆ.
>
> 1. ವರ್ಷದ ಫಿಕ್ಸೆಡ್ ಸಂಬಳ 18,00,000. ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರ್ಯಾಚುಟಿ ಇದರ ಒಳಗೆ. ಬೇಸಿಕ್ 9,00,000. ಪಿಎಫ್ ಪೂರ್ತಿ ಬೇಸಿಕ್‌ನ 12%.
> 2. ವೇರಿಯಬಲ್, ಗುರಿ ಮುಟ್ಟಿದಾಗ ವರ್ಷಕ್ಕೆ 2,00,000. ಇದು ಫಿಕ್ಸೆಡ್‌ನ ಹೊರಗೆ. ಮೊದಲ ವರ್ಷ ಸೇರಿದ ದಿನದಿಂದ ದಿನದ ಲೆಕ್ಕದಲ್ಲಿ.
> 3. ಜಾಯ್ನಿಂಗ್ ಬೋನಸ್ 1,50,000. ಇದು ಮೇಲಿನ 20,00,000ದ ಹೊರಗೆ. ಮೊದಲ ತಿಂಗಳ ಸಂಬಳದ ಜೊತೆ. 12 ತಿಂಗಳೊಳಗೆ ನಾನಾಗಿ ಬಿಟ್ಟರೆ ಉಳಿದ ತಿಂಗಳಿನ ಪಾಲು ಮಾತ್ರ ವಾಪಸ್.
> 4. ನೋಟಿಸ್ ಬೈಔಟ್, 30 ದಿನದವರೆಗೆ, ಹಳೆ ಕಂಪನಿಯ ಅಂತಿಮ ಲೆಕ್ಕದ ಪತ್ರದಲ್ಲಿರುವ ಮೊತ್ತ. ಪತ್ರ ಕೊಟ್ಟ ನಂತರದ ಸಂಬಳದ ಜೊತೆ.
> 5. ಸ್ಥಳಾಂತರದ ಖರ್ಚು 50,000ದವರೆಗೆ, ಬಿಲ್ ಕೊಟ್ಟ ಮೇಲೆ. 4 ಮತ್ತು 5 ಎರಡೂ 20,00,000ದ ಹೊರಗೆ.
> 6. ಸೇರುವ ದಿನ ಆಗಸ್ಟ್ 20. ಕೆಲಸದ ಊರು ಬೆಂಗಳೂರು.
>
> ಈಗ ಬಂದಿರುವ ಲೆಟರ್‌ನಲ್ಲಿ ಫಿಕ್ಸೆಡ್ 17,00,000, ವೇರಿಯಬಲ್ 1,50,000 ಎಂದಿದೆ. ಜಾಯ್ನಿಂಗ್ ಬೋನಸ್ 20,00,000ದ ಒಳಗೆ ಸೇರಿದೆ. 4 ಮತ್ತು 5 ಲೆಟರ್‌ನಲ್ಲಿ ಇಲ್ಲ. ದಯವಿಟ್ಟು ಇವನ್ನು ಸರಿಪಡಿಸಿದ ಲೆಟರ್ ಮತ್ತು ಸಂಬಳದ ಪಟ್ಟಿ ಕಳಿಸಿ. ಬಂದ ದಿನವೇ ಸಹಿ ಮಾಡಿ ಕಳಿಸುತ್ತೇನೆ, ಮರುದಿನ ರಾಜೀನಾಮೆ ಕೊಡುತ್ತೇನೆ.
>
> ನನ್ನ ಟಿಪ್ಪಣಿಯಲ್ಲಿ ಏನಾದರೂ ತಪ್ಪಿದ್ದರೆ ಇದೇ ಇಮೇಲ್‌ನಲ್ಲಿ ತಿಳಿಸಿ.

ಇದರಲ್ಲಿ ಮೂರು ಕಡೆ ಪದಗಳನ್ನು ಬೇಕೆಂದೇ ಹಾಗೆ ಇಟ್ಟಿದ್ದೇವೆ. ಮೊದಲನೆಯದು "ಒಳಗೆ", "ಹೊರಗೆ". ಈ ಎರಡು ಪದ ಇಲ್ಲದ ಒಂದು ಮೊತ್ತವನ್ನೂ ಬಿಡಬೇಡಿ. ಎರಡನೆಯದು, ಲೆಟರ್‌ನಲ್ಲಿ ಏನಿದೆ ಅನ್ನುವುದನ್ನು ಅಂಕಿ ಸಮೇತ ಹೇಳಿದ್ದು. "ಸ್ವಲ್ಪ ವ್ಯತ್ಯಾಸ ಇದೆ" ಅಂತ ಬರೆದರೆ ಲೆಟರ್ ತಯಾರಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಮೂರನೆಯದು, ರಾಜೀನಾಮೆಯ ದಿನವನ್ನು ಲೆಟರ್‌ಗೆ ಕಟ್ಟಿದ್ದು. ಸೇರುವ ದಿನ ಅವರಿಗೂ ಮುಖ್ಯ, ಅದಕ್ಕೇ ಲೆಟರ್ ಬೇಗ ಬರುತ್ತದೆ.

ಈ ಇಮೇಲ್‌ನಲ್ಲಿ ಹೊಸದಾಗಿ ಏನನ್ನೂ ಕೇಳಬಾರದು. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತಿಲ್ಲದೆ ಇರಬೇಕು. "ಒಪ್ಪಿದ್ದೇನೆ, ಆದರೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಕೊಡಿ" ಅಂತ ಬರೆದರೆ ಅದು ಒಪ್ಪಿಗೆ ಆಗುವುದಿಲ್ಲ, ಇನ್ನೊಂದು ಬೇಡಿಕೆ ಆಗುತ್ತದೆ. ಮಾತಾಗಿದ್ದನ್ನು ಬರೆಯುವುದು ಬೇರೆ, ಮಾತಾಗದ್ದನ್ನು ನುಗ್ಗಿಸುವುದು ಬೇರೆ. ಬೈಔಟ್‌ನ ತೆರಿಗೆಯಂಥ ವಿಷಯ ಮಾತಾಗಿಲ್ಲದಿದ್ದರೆ ಇಮೇಲ್‌ಗೆ ಮುಂಚೆ ಒಂದು ಫೋನ್ ಮಾಡಿ ಮುಗಿಸಿ. ನಮ್ಮ ಹುಡುಗಿಯೂ 3ನೇ ಸಾಲಿನ ವಾಪಸ್ ಷರತ್ತನ್ನು ಹೀಗೇ ಹತ್ತು ನಿಮಿಷದ ಫೋನಿನಲ್ಲಿ ಖಚಿತ ಮಾಡಿಕೊಂಡಳು.

ಧನ್ಯವಾದ ಎರಡು ಸಾಲು ಸಾಕು. ಕಂಪನಿಯನ್ನು ಹೊಗಳಿ ಎರಡು ಪ್ಯಾರಾ ಬರೆದವರ ಇಮೇಲ್‌ನಲ್ಲಿ ಅಂಕಿಗಳು ಮೂರನೇ ಪ್ಯಾರಾದಲ್ಲಿ ಮುಳುಗಿ ಹೋಗಿದ್ದನ್ನು ನೋಡಿದ್ದೇನೆ. ಓದುವವರು ಫೋನಿನಲ್ಲಿ ಓದುತ್ತಾರೆ, ಅಲ್ಲಿಯವರೆಗೆ ಇಳಿಯುವುದೇ ಇಲ್ಲ.

## ಹಂತ 5: ಬರುವ ಉತ್ತರವನ್ನು ಓದುವುದು

"ಒಪ್ಪಿದೆ, ತಿದ್ದಿದ ಲೆಟರ್ ಇಂಥ ದಿನ ಬರುತ್ತದೆ" ಅಂತ ಅದೇ ಸರಪಳಿಯಲ್ಲಿ ಬಂದರೆ ಸರಿ. ಬೇರೆ ಥರದ ಉತ್ತರಗಳನ್ನು ಹುಷಾರಾಗಿ ಓದಿ.

ಇಮೇಲ್‌ಗೆ ಫೋನಿನಲ್ಲಿ ಉತ್ತರ ಬಂದರೆ ಅದು ಮೊದಲ ಎಚ್ಚರಿಕೆ. "ಎಲ್ಲಾ ಓಕೆ, ಸುಮ್ನೆ ಸಹಿ ಮಾಡಿ" ಅಂತಾರೆ. ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿ, ಇಟ್ಟ ಮೇಲೆ ಅದೇ ಇಮೇಲ್‌ನಲ್ಲಿ ಎರಡು ಸಾಲು ಹಾಕಿ: "ಈಗ ಫೋನಿನಲ್ಲಿ ಆರೂ ಅಂಶಗಳು ಸರಿ ಎಂದು ತಿಳಿಸಿದಿರಿ, ಧನ್ಯವಾದ. ಲೆಟರ್‌ಗೆ ಕಾಯುತ್ತಿದ್ದೇನೆ."

"ನಮ್ಮ ಸಿಸ್ಟಮ್‌ನಲ್ಲಿ ಬೈಔಟ್‌ಗೆ ಜಾಗ ಇಲ್ಲ" ಅನ್ನುವುದು ನಿಜವೂ ಇರಬಹುದು. ಸಿದ್ಧ ನಮೂನೆಯ ಲೆಟರ್‌ನಲ್ಲಿ ಕೆಲವು ಸಾಲು ಸೇರಿಸಲು ಆಗುವುದಿಲ್ಲ. ಆಗ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಹೆಚ್ಚುವರಿ ಪತ್ರ ಕೇಳಿ. ಅದರಲ್ಲಿ "ಇದು ಆಫರ್ ಲೆಟರ್‌ನ ಭಾಗ" ಅನ್ನುವ ಸಾಲು ಇರಬೇಕು. ಅದೂ ಇಲ್ಲ ಅಂದರೆ, ಸಹಿ ಮಾಡುವ ಅಧಿಕಾರ ಇರುವವರಿಂದ ಕಂಪನಿಯ ಐಡಿಯಲ್ಲಿ ಇಮೇಲ್ ಬರಲಿ. ಇದು ಕೊನೆಯ ದಾರಿ. ಮೊದಲು ಹೇಳಿದ ಆ "ಎಲ್ಲ ರದ್ದು" ಸಾಲು ಲೆಟರ್‌ನಲ್ಲಿ ಇದ್ದರೆ ಇದಕ್ಕೆ ಬಲ ಕಡಿಮೆ.

"ಸೇರಿದ ಮೇಲೆ ಸರಿ ಮಾಡ್ತೀವಿ" ಅಂದರೆ ಒಪ್ಪಬೇಡಿ. ಸೇರಿದ ಮೇಲೆ ನಿಮ್ಮ ಜೊತೆ ಮಾತಾಡಿದವರ ಕೆಲಸ ಮುಗಿದಿರುತ್ತದೆ. ನಾನೂ ಆ ಕುರ್ಚಿಯಲ್ಲಿ ಕೂತವನೇ, ಸೇರಿದವರ ಫೈಲ್ ಮತ್ತೆ ತೆಗೆದಿದ್ದು ಕಡಿಮೆ.

"ಇವತ್ತು ಸಂಜೆಯೊಳಗೆ ಒಪ್ಪದಿದ್ದರೆ ಆಫರ್ ಇಲ್ಲ" ಅಂದರೆ, ಇಮೇಲ್ ಈಗಾಗಲೇ ಹೋಗಿದೆ ಅನ್ನುವುದನ್ನು ನೆನಪಿಸಿ. ನೀವು ತಡ ಮಾಡುತ್ತಿಲ್ಲ, ಲೆಟರ್ ತಡವಾಗುತ್ತಿದೆ. ಎರಡು ಕೆಲಸದ ದಿನ ಕಾದು ಒಂದು ನೆನಪೋಲೆ ಕಳಿಸಬಹುದು.

ಲ್ಯಾಪ್‌ಟಾಪ್‌ಗೋ ತರಬೇತಿಗೋ ಮುಂಗಡ ದುಡ್ಡು ಕಟ್ಟಿ ಅಂದರೆ ಅಲ್ಲಿಗೆ ನಿಲ್ಲಿಸಿ. ಅದು ಸಂಬಳದ ವಿಷಯವೇ ಅಲ್ಲ, ಮೋಸದ್ದು.

## ಹಂತ 6: ತಿದ್ದಿದ ಲೆಟರನ್ನು ಇಮೇಲ್ ಪಕ್ಕ ಇಟ್ಟು ಓದಿ

ನಮ್ಮ ಹುಡುಗಿಗೆ ಜೂನ್ 18ಕ್ಕೆ ತಿದ್ದಿದ ಲೆಟರ್ ಬಂತು. ಫಿಕ್ಸೆಡ್ 18 ಲಕ್ಷ, ವೇರಿಯಬಲ್ 2 ಲಕ್ಷ, ಬೋನಸ್ ಹೊರಗೆ, ಸ್ಥಳಾಂತರದ ಖರ್ಚೂ ಸೇರಿತ್ತು. ಬೈಔಟ್‌ನ ಸಾಲು ಮಾತ್ರ "30 ದಿನದವರೆಗೆ, ಆಡಳಿತದ ವಿವೇಚನೆಯಂತೆ" ಅಂತ ಇತ್ತು. ಈ "ವಿವೇಚನೆಯಂತೆ" ಅನ್ನುವ ಬಾಲ ಎಲ್ಲಿ ಅಂಟಿದ್ದರೂ ಆ ಮೊತ್ತ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ವೇರಿಯಬಲ್‌ನಲ್ಲಿ ಇದನ್ನು ತೆಗೆಸುವುದು ಬಹಳ ಕಷ್ಟ, ನಾನು ಅದಕ್ಕೆ ಹಠ ಹಿಡಿಯುವುದಿಲ್ಲ. ಬೈಔಟ್‌ನಲ್ಲಿ ಹಿಡಿಯುತ್ತೇನೆ, ಯಾಕೆಂದರೆ ಮೊದಲು ದುಡ್ಡು ಕಟ್ಟುವುದು ನೀವು. ಅವಳು ಒಂದು ಸಾಲಿನ ಇಮೇಲ್ ಹಾಕಿದಳು. ಮಧ್ಯಾಹ್ನದೊಳಗೆ ಆ ಎರಡು ಪದ ಹೋದವು.

ಓದುವಾಗ ಸಂಬಳದ ಪಟ್ಟಿಯನ್ನೂ ಕೂಡಿ ನೋಡಿ. ಲೆಟರ್ ತಿದ್ದಿ ಪಟ್ಟಿ ಹಳೆಯದೇ ಉಳಿದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಸಂಬಳ ಹಾಕುವವರು ಹಿಡಿಯುವುದು ಆ ಪಟ್ಟಿಯನ್ನೇ.

ಎಲ್ಲ ಸರಿಯಿದ್ದರೆ ಸಹಿ ಮಾಡಿ. ಸಹಿಯಾದ ಲೆಟರ್, ಪಟ್ಟಿ, ಇಮೇಲ್ ಸರಪಳಿ ಮೂರನ್ನೂ ಪಿಡಿಎಫ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪೋರ್ಟಲ್ ನಂಬಬೇಡಿ, ಸೇರಿದ ಮೇಲೆ ಅದರ ಲಾಗಿನ್ ಮುಚ್ಚಿಹೋಗಬಹುದು. ರಾಜೀನಾಮೆ ಇದರ ನಂತರ. ಅವಳು ಜೂನ್ 19ಕ್ಕೆ ಕೊಟ್ಟಳು, 60ನೇ ದಿನ ಆಗಸ್ಟ್ 18ಕ್ಕೆ ಬಂತು, ಸಾಮಾನು ಸಾಗಿಸಲು ಒಂದು ದಿನ ಸಿಕ್ಕಿತು.

## ಹಂತ 7: ಮೊದಲ ಪೇಸ್ಲಿಪ್

ಆಗಸ್ಟ್‌ನಲ್ಲಿ 12 ದಿನದ ಸಂಬಳ ಮಾತ್ರ ಬರುವುದರಿಂದ ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ, ಬೋನಸ್ ಬಂದಿದೆಯಾ ಅಷ್ಟೇ ನೋಡಿ. ಸೆಪ್ಟೆಂಬರ್‌ನ ಪೇಸ್ಲಿಪ್‌ನಲ್ಲಿ ಬೇಸಿಕ್ 75,000, ಪಿಎಫ್ 9,000, ಒಟ್ಟು 1,37,392ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಸಹಿಯಾದ ಪಟ್ಟಿ ಲಗತ್ತಿಸಿ ಆ ವಾರವೇ ಬರೆಯಿರಿ. ಬೈಔಟ್‌ಗೆ ಹಳೆ ಕಂಪನಿಯ ಅಂತಿಮ ಲೆಕ್ಕದ ಪತ್ರ ಬರಲು ವಾರಗಳು ಬೇಕಾಗಬಹುದು. ಅದು ಬಂದ ದಿನವೇ ಇಮೇಲ್‌ನ 4ನೇ ಸಾಲು ತೋರಿಸಿ ಕಳಿಸಿ.